ಪಿನೋಚೆ ಕೇಸಲ್ಲಿ ಬಹುಪಾಲು ಆರೋಪ ಬಿದ್ದುಹೋದದ್ದು ಯಾಕೆ?

"ಚಿಲಿಯ ಸರ್ವಾಧಿಕಾರಿಯಾಗಿದ್ದ ಪಿನೋಚೆಯನ್ನ ಸ್ಪೇನ್‌ಗೆ ಒಪ್ಪಿಸೋ ಕೇಸಲ್ಲಿ ಲಂಡನ್ ಕೋರ್ಟ್ ಬಹುಪಾಲು ಆರೋಪ ಕೈಬಿಟ್ಟಿತಲ್ಲ, ಅವು ರಾಜಕೀಯ ಅಪರಾಧ ಅಂತಾನಾ?"

ಅಲ್ಲ, ಅವು ಬಿದ್ದದ್ದು ತಾರೀಖಿನ ಮೇಲೆ. ಒಬ್ಬರನ್ನು ಒಪ್ಪಿಸಬೇಕಾದರೆ ಅವರು ಮಾಡಿದ ಕೆಲಸ ಕೇಳುವ ದೇಶದಲ್ಲೂ, ಕೊಡುವ ದೇಶದಲ್ಲೂ ಅಪರಾಧವಾಗಿರಬೇಕು. ಹೆಸರು ಬೇರೆ ಇದ್ದರೂ ನಡೆಯುತ್ತೆ, ಕೃತ್ಯ ಮುಖ್ಯ. ಆದರೆ ಯಾವ ದಿನಕ್ಕೆ ಅಪರಾಧವಾಗಿರಬೇಕು? ಪಿನೋಚೆಯನ್ನು ಲಂಡನ್ನಿನಲ್ಲಿ ಬಂಧಿಸಿದ 1998ಕ್ಕೋ, ಕೃತ್ಯ ನಡೆದ ದಿನಕ್ಕೋ? 1999ರ ಮಾರ್ಚಲ್ಲಿ, ಆಗ ಬ್ರಿಟನ್ನಿನ ಅತ್ಯುನ್ನತ ಕೋರ್ಟಾಗಿದ್ದ ಹೌಸ್ ಆಫ್ ಲಾರ್ಡ್ಸ್, ಕೃತ್ಯ ನಡೆದ ದಿನಕ್ಕೆ ಅಂದಿತು.

ಅಲ್ಲೇ ಆಟ ಬದಲಾಯಿತು. ಚಿಲಿಯಲ್ಲಿ ಅಧಿಕಾರಿಯೊಬ್ಬ ಕೊಟ್ಟ ಚಿತ್ರಹಿಂಸೆಯನ್ನು ಬ್ರಿಟನ್ ಕೋರ್ಟು ವಿಚಾರಿಸಬಹುದು ಅನ್ನುವ ಕಾನೂನು ಜಾರಿಗೆ ಬಂದದ್ದು 1988ರ ಸೆಪ್ಟೆಂಬರ್ 29ಕ್ಕೆ. ಪಿನೋಚೆ ಅಧಿಕಾರ ಹಿಡಿದ ದಂಗೆ ಆಗಿದ್ದು 1973ರಲ್ಲಿ. ಕ್ರೌರ್ಯ ಜಾಸ್ತಿ ನಡೆದ ವರ್ಷಗಳೇ ಹೊರಗೆ ಬಿದ್ದವು! ನನಗೆ ಇವತ್ತಿಗೂ ಇದು ಕಸಿವಿಸಿ, ಆದರೆ ತರ್ಕ ಸರಿಯಾಗೇ ಇದೆ. ಉಳಿದ ಆರೋಪಗಳ ಮೇಲೆ ಒಪ್ಪಿಸಬಹುದಿತ್ತು. 2000ದಲ್ಲಿ ಅನಾರೋಗ್ಯದ ಕಾರಣಕ್ಕೆ ಬ್ರಿಟನ್ನಿನ ಗೃಹಮಂತ್ರಿ ಪಿನೋಚೆಯನ್ನು ಚಿಲಿಗೆ ವಾಪಸ್ ಕಳಿಸಿದರು.

ರಾಜಕೀಯ ಅಪರಾಧಕ್ಕೆ ಯಾರನ್ನೂ ಒಪ್ಪಿಸಬಾರದು ಅನ್ನುವ ವಿನಾಯಿತಿ ಬೇರೆ ತರಹದವರಿಗೆ. 1890ರಲ್ಲಿ ಸ್ವಿಟ್ಜರ್ಲೆಂಡಿನ ಟಿಚಿನೋದಲ್ಲಿ ಜನ ಸರ್ಕಾರದ ವಿರುದ್ಧ ಎದ್ದರು. ಗುಂಪಲ್ಲಿದ್ದ ಕಾಸ್ಟಿಯೋನಿ ಸರ್ಕಾರದ ಸದಸ್ಯ ರೊಸ್ಸಿಯನ್ನು ಗುಂಡಿಟ್ಟು ಕೊಂದ ಆರೋಪ ಹೊತ್ತು ಇಂಗ್ಲೆಂಡಿಗೆ ಓಡಿ ಬಂದ. ಕೊಲೆ ದಂಗೆಯ ಭಾಗವಾಗಿ ನಡೆದದ್ದು ಅಂತ ಕೋರ್ಟು ಒಪ್ಪಿಸಲಿಲ್ಲ. ವೈಯಕ್ತಿಕ ಸೇಡು ಅಂತ ಕಂಡಿದ್ದರೆ ಕಳಿಸುತ್ತಿದ್ದರು.