ರಿಮೈಂಡರ್‌ನಲ್ಲಿ ಅಕ್ಟೋಬರ್-ನವೆಂಬರ್ ಕುಣಿತ

"ಬಟ್ಟೆ ಅಂಗಡಿ ಸೇಲ್ಸ್ ಡಿಕಂಪೋಸ್ ಮಾಡ್ದೆ, ಟ್ರೆಂಡ್, ಸೀಸನಲ್ ತೆಗೆದ ಮೇಲೆ ಉಳಿಯೋ ರಿಮೈಂಡರ್ 2022 ಅಕ್ಟೋಬರ್ ಮೇಲೆ ನವೆಂಬರ್ ಕೆಳಗೆ, 2023ರಲ್ಲಿ ಉಲ್ಟಾ. ಡೇಟಾ ತಪ್ಪಾ?"

ಇಲ್ಲ ಅನ್ಸತ್ತೆ, ದೀಪಾವಳಿ ಕೆಲ್ಸ ಇದು. ಹಬ್ಬ 2022ರಲ್ಲಿ ಅಕ್ಟೋಬರ್ 24ಕ್ಕೆ, 2023ರಲ್ಲಿ ನವೆಂಬರ್ 12ಕ್ಕೆ ಬಂತು, `seasonal_decompose`ಗೆ ಪಂಚಾಂಗ ಎಲ್ಲಿ ಗೊತ್ತು, ಟ್ರೆಂಡ್ ತೆಗೆದು ಎಲ್ಲಾ ಅಕ್ಟೋಬರ್‌ಗಳ ಸರಾಸರಿ ಹಿಡಿದು ವರ್ಷವರ್ಷಕ್ಕೂ ಅದೇ ಸೀಸನಲ್ ನಂಬರ್ ಇಡತ್ತೆ, ವ್ಯತ್ಯಾಸವೆಲ್ಲ ರಿಮೈಂಡರ್‌ಗೆ ಬೀಳತ್ತೆ. ಅಡಿಟಿವ್ ಆಗಿದ್ರೆ ಆ ಎರಡು ತಿಂಗಳ ರಿಮೈಂಡರ್ ಕೂಡಿ ನೋಡಿ, ಸೊನ್ನೆ ಹತ್ರ ಬಂದ್ರೆ ಇದೇ ಕಾರಣ.

ಹಬ್ಬಕ್ಕೆ ಮುಂಚಿನ 15 ದಿನ ಯಾವ ತಿಂಗ್ಳಲ್ಲಿ ಎಷ್ಟು ಬಿತ್ತು ಅಂತ ಒಂದು ಕಾಲಂ ಮಾಡಿ: 2022ರಲ್ಲಿ ಹದಿನೈದೂ ಅಕ್ಟೋಬರ್‌ಗೆ, 2023ರಲ್ಲಿ ಅಕ್ಟೋಬರ್ 4, ನವೆಂಬರ್ 11. ಈ ಕಾಲಂನಿಂದಲೂ ಆಯಾ ತಿಂಗಳ ಸರಾಸರಿ ಕಳೆದು, ರಿಮೈಂಡರನ್ನ ಅದರ ಮೇಲೆ ರಿಗ್ರೆಸ್ ಮಾಡಿ, ಬಂದ ಹಬ್ಬದ ಪಾಲನ್ನ ಸೇಲ್ಸಿಂದ ಕಳೆದು ಮತ್ತೆ ಡಿಕಂಪೋಸ್ ಮಾಡಿ. ಮೂರ್ನಾಲ್ಕು ವರ್ಷದ್ದೇ ಡೇಟಾ ಇದ್ರೆ ಆ ಅಂದಾಜನ್ನ ಜಾಸ್ತಿ ನಂಬ್ಬೇಡಿ.