ಬಡ್ಡಿ ಬಂದಿತ್ತು, ಅಸಲು ಕಡಿಮೆಯಾಯ್ತು: ಗದಗಿನ ಒಂದು ಪ್ರಕರಣ

(ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.)

ಗದಗಿನ ಅರವತ್ತು ದಾಟಿದ ಒಬ್ಬ ತಾಯಿ ಪಾಸ್‌ಬುಕ್ ಹಿಡಿದುಕೊಂಡು ಬಂದರು. ಕೂರುವ ಮೊದಲೇ ಅಂದರು, "ಸರ್, ನಾಕು ಲಕ್ಷ ಇಟ್ಟಿದ್ದೆ, ಬ್ಯಾಂಕಿನವ್ರು 3,92,500 ಕೊಟ್ಟಾರ. ಬಡ್ಡಿ ಬ್ಯಾಡ, ನನ್ನ ಅಸಲರ ಕೊಡಬೇಕಿಲ್ಲೇನ್ರೀ?"

ಮಳೆಗೆ ಮನೆಯ ಹಿಂದಿನ ಗೋಡೆ ಬಿದ್ದಿತ್ತು. ರಿಪೇರಿಗೆ ಬೇಕಾಗಿದ್ದು ಒಂದೂವರೆ ಲಕ್ಷ. ಮೂರು ವರ್ಷಕ್ಕೆ ಶೇ. 7ರಂತೆ ಇಟ್ಟಿದ್ದ ಎಫ್‌ಡಿಯನ್ನು ಹದಿನೈದು ತಿಂಗಳಿಗೇ ಪೂರ್ತಿ ಮುರಿಸಿದ್ದರು.

ಪಾಸ್‌ಬುಕ್ಕಿನಲ್ಲಿ ಮೂರು ತಿಂಗಳಿಗೊಮ್ಮೆ 7,000 ಜಮಾ ಆಗಿತ್ತು, ಒಟ್ಟು ಐದು ಸಲ, ಅಂದರೆ 35,000. ಅದು ಮೂರು ವರ್ಷ ಇಡುತ್ತಾರೆ ಅನ್ನುವ ಲೆಕ್ಕದಲ್ಲಿ ಕೊಟ್ಟ ಬಡ್ಡಿ. ನಡುವೆ ಮುರಿಸಿದರೆ ಆ ಶೇ. 7 ಉಳಿಯುವುದಿಲ್ಲ. ಹಣ ಇಟ್ಟ ದಿನ ಹದಿನೈದು ತಿಂಗಳ ಠೇವಣಿಗೆ ಎಷ್ಟು ದರ ಇತ್ತು ಅಂತ ನೋಡುತ್ತಾರೆ. ಇವರದ್ದು ಶೇ. 6.5 ಇತ್ತು, ಅದರಲ್ಲಿ ಶೇ. 1 ದಂಡ ಕಳೆದರೆ 5.5. ನಾಲ್ಕು ಲಕ್ಷಕ್ಕೆ ಹದಿನೈದು ತಿಂಗಳಿಗೆ 27,500 ಆಯ್ತು. ಜಾಸ್ತಿ ಕೊಟ್ಟಿದ್ದ 7,500ನ್ನು ಅಸಲಿನಿಂದ ಹಿಡಿದುಕೊಂಡರು. ದಂಡ ಬರೀ ಒಂದು ಪರ್ಸೆಂಟ್ ಅಂತ ಕೌಂಟರಿನಲ್ಲಿ ಹೇಳಿದ್ದು ಸುಳ್ಳಲ್ಲ, ಆದರೆ ದರವೇ ಇಳಿಯುತ್ತದೆ ಅನ್ನುವುದನ್ನು ಯಾರೂ ಬಿಡಿಸಿ ಹೇಳಿರಲಿಲ್ಲ. ನನಗೆ ಬೇಜಾರಾಗಿದ್ದು ಅದಕ್ಕೇ.

ಆದರೂ ಲೆಕ್ಕ ಪರೀಕ್ಷಿಸಲೇಬೇಕು. ಇಟ್ಟ ದಿನದ ದರಪಟ್ಟಿ ಮತ್ತು ಲೆಕ್ಕದ ವಿವರ ಬರವಣಿಗೆಯಲ್ಲಿ ಕೇಳಿ ತನ್ನಿ ಅಂದೆ. ಇವತ್ತಿನ ಪಟ್ಟಿ ಹಿಡಿದು ಲೆಕ್ಕ ಹಾಕಿದ್ದರೆ ಅದು ತಪ್ಪು, ಆಗ ದೂರು ಕೊಡಬಹುದು. ತಂದರು, ನೋಡಿದೆ, ಸರಿಯಾಗಿಯೇ ಇತ್ತು.

ಮುರಿಸುವ ಮೊದಲು ಬಂದಿದ್ದರೆ ಎಫ್‌ಡಿ ಮೇಲೆ ಸಾಲ ತೆಗೆದುಕೊಳ್ಳಿ ಅನ್ನುತ್ತಿದ್ದೆ. ಅವರ ಬ್ಯಾಂಕಿನಲ್ಲಿ ಎಫ್‌ಡಿ ದರಕ್ಕಿಂತ ಒಂದು ಪರ್ಸೆಂಟ್ ಜಾಸ್ತಿಗೆ, ಶೇ. 8ಕ್ಕೆ, ಸಾಲ ಸಿಗುತ್ತಿತ್ತು. ಒಂದೂವರೆ ಲಕ್ಷಕ್ಕೆ ಮೂರು ತಿಂಗಳಿಗೆ 3,000 ಬಡ್ಡಿ ಆಗುತ್ತಿತ್ತು, ಅದನ್ನು ಬರುತ್ತಿದ್ದ 7,000ದಲ್ಲೇ ಕಟ್ಟಬಹುದಿತ್ತು. ಅಸಲು ಹಾಗೇ ಇರುತ್ತಿತ್ತು, ಅಲ್ವಾ? ಎರಡು ತಿಂಗಳಲ್ಲೇ ಅವಧಿ ಮುಗಿಯುವ ಎಫ್‌ಡಿಗಂತೂ ಸುಮ್ನೆ ಕೈ ಹಾಕಬಾರದು.

ಗೋಡೆಗೆ ಕೊಟ್ಟು ಉಳಿದದ್ದು 2,42,500. ಅದನ್ನು ಒಂದೇ ರಸೀದಿಗೆ ಹಾಕಬೇಡಿ, ಲಕ್ಷದ ಎರಡು ಎಫ್‌ಡಿ ಮಾಡಿ, ಮಿಕ್ಕಿದ್ದು ಉಳಿತಾಯ ಖಾತೆಯಲ್ಲಿರಲಿ ಅಂದೆ. ಮುಂದೆ ಅರ್ಜೆಂಟ್ ಬಂದು ಸಾಲ ಬೇಡ ಅನಿಸಿದರೂ ಒಂದೇ ಮುರಿಯುತ್ತದೆ, ಇನ್ನೊಂದರ ದರ ಹಾಗೇ ನಡೆಯುತ್ತದೆ.

ಮುಂದಿನ ವಾರ ಎರಡೂ ರಸೀದಿ ತಂದು ತೋರಿಸಿದರು. ಒಂದರ ಹಿಂದೆ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದರು: "ಮುರಸೂಕಿಂತ ಮೊದಲ ಸಾಲ ಕೇಳೂದು."