ಒಂದು ರೀಮ್ ಹಾಳೆಯಲ್ಲಿ ಇಡೀ ಕ್ಲಾಸಿಗೆ ರಿಟರ್ನ್ ಗಿಫ್ಟ್

ಪ್ರಶ್ನೆ: ಮೇಡಂ, ನನ್ನ ಮಗಳು ಎರಡನೇ ಕ್ಲಾಸು, ಮುಂದಿನ ತಿಂಗಳು ಏಳು ವರ್ಷ ತುಂಬುತ್ತೆ. ಕ್ಲಾಸಿನಲ್ಲಿ 36 ಮಕ್ಕಳು. ಎಲ್ಲರ ಹುಟ್ಟುಹಬ್ಬಕ್ಕೂ ಬಂದಿರೋ ಮುರಿದ ಶಾರ್ಪನರ್, ಪೌಚು, ಲೈಟ್ ಉರಿಯೋ ಪೆನ್ನು ನಮ್ಮ ಮನೆಯಲ್ಲಿ ಒಂದು ಡಬ್ಬಿ ತುಂಬ ಇದೆ. ನಾನೂ ಅದನ್ನೇ ಹಂಚೋಕೆ ಮನಸ್ಸು ಬರ್ತಿಲ್ಲ. ಕೈಯಲ್ಲಿ ಇರೋದು ಐನೂರು–ಆರುನೂರು ರೂಪಾಯಿ. ಮಗಳು ಯೂನಿಕಾರ್ನ್ ಪೌಚೇ ಬೇಕು ಅಂತ ಹಟ ಹಿಡಿದಿದ್ದಾಳೆ. ಅತ್ತೆ, "ಇದರಲ್ಲಿ ಜಿಪುಣತನ ಮಾಡಬೇಡ, ಜನ ಆಡ್ಕೋತಾರೆ" ಅಂತಾರೆ. ನನ್ನ ಹಟಕ್ಕೆ ಮಗು ಕ್ಲಾಸಿನಲ್ಲಿ ತಲೆ ತಗ್ಗಿಸೋ ಹಾಗಾಗಬಾರದು. ಏನು ಕೊಡಲಿ?
— ಹೆಸರು ಬೇಡ, ಬೆಂಗಳೂರು

ಉತ್ತರ: ಗೆರೆಯಿಲ್ಲದ, ಕೈಯಲ್ಲಿ ಹೊಲಿದ ಪುಟ್ಟ ಪುಸ್ತಕ ಕೊಡಿ. ಏಳು ವರ್ಷದ ಮಕ್ಕಳ ಬ್ಯಾಗಿನಲ್ಲಿ ನಾಲ್ಕು ಗೆರೆ, ಚೌಕಳಿ, ಎರಡು ಗೆರೆ ಅಂತ ಎಲ್ಲ ನೋಟ್‌ಬುಕ್ಕೂ ಇರುತ್ತವೆ. ಆದರೆ ಟೀಚರ್ ತಿದ್ದದ, ಅಮ್ಮ ಪರೀಕ್ಷಿಸದ, ಮನಸ್ಸಿಗೆ ಬಂದದ್ದನ್ನು ಗೀಚಬಹುದಾದ ಪುಸ್ತಕ ಇರುವುದಿಲ್ಲ. ರಫ್ ನೋಟಿನ ಕೊನೆ ಹಾಳೆ ತುಂಬ ಚಿತ್ರ ಬರೆದು ಬೈಸಿಕೊಳ್ಳುವ ವಯಸ್ಸು ಅದು. ಹಾಗಾಗಿ ಇದು ಖಂಡಿತ ಬಳಕೆಯಾಗುತ್ತದೆ, ಬಳಸಿ ಮುಗಿದ ಮೇಲೆ ರದ್ದಿಗೂ ಹೋಗುತ್ತದೆ.

ಲೆಕ್ಕ ಹೇಳುತ್ತೇನೆ. 75 ಜಿಎಸ್‌ಎಂ ಎ4 ಹಾಳೆಯ ಒಂದು ರೀಮ್ ಸುಮಾರು 300 ರೂಪಾಯಿ, ಅದರಲ್ಲಿ 500 ಹಾಳೆ. ಒಂದು ಪುಸ್ತಕಕ್ಕೆ 12 ಹಾಳೆ ಅರ್ಧಕ್ಕೆ ಮಡಚಿದರೆ 48 ಪುಟ. 40 ಪುಸ್ತಕಕ್ಕೆ 480 ಹಾಳೆ ಸಾಕು, 20 ಹಾಳೆ ಕೆಡಿಸಿಕೊಳ್ಳಲು ಉಳಿಯುತ್ತದೆ. 36ರ ಬದಲು 40 ಮಾಡಿ ಅನ್ನುವುದಕ್ಕೆ ಕಾರಣ ಇದೆ. ಕ್ಲಾಸ್ ಟೀಚರ್, ಆಯಾ, ವ್ಯಾನಿನಲ್ಲಿ ಪಕ್ಕ ಕೂರುವ ಬೇರೆ ಸೆಕ್ಷನ್ ಮಗು, ಹೀಗೆ ಪಟ್ಟಿ ಕೊನೆ ಗಳಿಗೆಯಲ್ಲಿ ಬೆಳೆಯುತ್ತದೆ. ದಾರ, ಅಂಚು ಕತ್ತರಿಸುವ ಕೂಲಿ ಸೇರಿಸಿದರೂ ಒಟ್ಟು 450 ರೂಪಾಯಿಯ ಆಸುಪಾಸು ಬರುತ್ತದೆ, ಅಂದರೆ ಪುಸ್ತಕಕ್ಕೆ ಹನ್ನೊಂದು–ಹನ್ನೆರಡು ರೂಪಾಯಿ. ರೀಮ್ ನಿಮ್ಮ ಬೀದಿಯ ಜೆರಾಕ್ಸ್ ಅಂಗಡಿಯಲ್ಲೇ ಸಿಗುತ್ತದೆ. ಅವೆನ್ಯೂ ರಸ್ತೆಗೆ ಹೋಗುವ ಅಭ್ಯಾಸವಿದ್ದರೆ ಅಲ್ಲಿ ಸ್ವಲ್ಪ ಅಗ್ಗ, ಆದರೆ ಒಂದು ರೀಮಿಗಾಗಿ ಅಷ್ಟು ದೂರ ಹೋಗುವ ಅಗತ್ಯವಿಲ್ಲ.

ರಟ್ಟಿಗೆ ಹಳೆಯ ಗೋಡೆ ಕ್ಯಾಲೆಂಡರ್ ಹುಡುಕಿ. ತೆಳು ಕಾಗದದ ಪಂಚಾಂಗದ ಕ್ಯಾಲೆಂಡರ್ ಆಗುವುದಿಲ್ಲ. ಬ್ಯಾಂಕು, ಸೊಸೈಟಿ, ಚಿನ್ನದ ಅಂಗಡಿಯವರು ಕೊಡುತ್ತಾರಲ್ಲ, ದಪ್ಪ ಹಾಳೆಯದ್ದು, ಅದು ಬೇಕು. ದೊಡ್ಡ ಹಾಳೆಯೊಂದರಲ್ಲಿ ಎ4 ಅಳತೆಯ ಎರಡು ರಟ್ಟು ಬರುತ್ತವೆ, ಅಂದರೆ 20 ಹಾಳೆ ಬೇಕು. ಅಕ್ಕಪಕ್ಕದ ಮನೆಗಳಲ್ಲಿ ಕೇಳಿದರೆ ಸಿಕ್ಕೇ ಸಿಗುತ್ತದೆ. ದೇವರ ಚಿತ್ರ ಇರುವುದನ್ನು ಬಿಟ್ಟುಬಿಡಿ, ಅದಕ್ಕೆ ಕತ್ತರಿ ಹಾಕಿದರೆ ಮನೆಯ ಹಿರಿಯರಿಗೆ ನೋವಾಗುತ್ತದೆ. ಗುಡ್ಡ, ಹೂವು, ಹಕ್ಕಿ ಇರುವುದನ್ನು ಆರಿಸಿ, ಚಿತ್ರ ಒಳಗೆ ಬರುವಂತೆ, ಬಿಳಿ ಬೆನ್ನು ಹೊರಗೆ ಬರುವಂತೆ ಮಡಚಿ. ನಯವಾದ ಮುಂಬದಿಯ ಮೇಲೆ ಕ್ರೆಯಾನ್ ಹಿಡಿಯುವುದಿಲ್ಲ, ಹಿಂಬದಿ ಹಿಡಿಯುತ್ತದೆ.

ಆ ಬಿಳಿ ಬೆನ್ನು ನಿಮ್ಮ ಮಗಳದ್ದು. ಯೂನಿಕಾರ್ನ್ ಬೇಡ ಅನ್ನಬೇಡಿ. ಪ್ರತಿ ಪುಸ್ತಕದ ಮೇಲೂ ಅವಳೇ ಬರೆಯಲಿ, ಒಂದಕ್ಕೆ ಹಸಿರು, ಒಂದಕ್ಕೆ ನೇರಳೆ, ಗೆಳತಿಗೆ ಎರಡು ಕೊಂಬು, ಅವಳಿಗೆ ತೋಚಿದ ಹಾಗೆ. ದಿನಕ್ಕೆ ಐದರಂತೆ ಎಂಟು ಸಂಜೆ. ಒಂದೇ ಸಲ 40 ಬರೆಸಿದರೆ ಹತ್ತನೆಯದಕ್ಕೇ ಅಳು ಬರುತ್ತದೆ. ಒಳಗಿನ ಮೊದಲ ಪುಟದಲ್ಲಿ ನೀವು ಒಂದು ಒಗಟು ಬರೆಯಿರಿ, ಕೊನೆಯ ಪುಟದಲ್ಲಿ ಉತ್ತರ. "ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ", ಮಲ್ಲಿಗೆ. "ಬಿಳಿ ಸಾಮ್ರಾಜ್ಯದಲ್ಲಿ ಕಪ್ಪು ಪ್ರಜೆಗಳು", ಸೀತಾಫಲ. ನಾಲ್ಕೈದು ಬೇರೆ ಬೇರೆ ಒಗಟು ಹಾಕಿದರೆ ಮಕ್ಕಳು ಒಬ್ಬರ ಪುಸ್ತಕ ಇನ್ನೊಬ್ಬರು ಕಸಿದು ಓದುತ್ತಾರೆ. ಒಗಟು ಸಾಲದಿದ್ದರೆ ಅತ್ತೆಯನ್ನು ಕೇಳಿ.

ಇನ್ನು ಹೊಲಿಗೆ. ಜೆರಾಕ್ಸ್ ಹಾಳೆಯಲ್ಲಿ ನಾರು ಸಾಮಾನ್ಯವಾಗಿ ಉದ್ದಕ್ಕೆ ಓಡಿರುತ್ತದೆ, ನಾವು ಅದನ್ನು ಅಡ್ಡ ಮಡಚುತ್ತೇವೆ. ಅದಕ್ಕೇ ಮಡಿಕೆ ಸುಮ್ಮನೆ ಕೂರುವುದಿಲ್ಲ, ಬಿರಿದುಕೊಳ್ಳುತ್ತದೆ. ನಾಲ್ಕು ನಾಲ್ಕು ಹಾಳೆ ಮಡಚಿ, ಸ್ಟೀಲ್ ಚಮಚದ ಬೆನ್ನಿನಿಂದ ಮಡಿಕೆಯ ಮೇಲೆ ಗಟ್ಟಿಯಾಗಿ ಎಳೆದು, ಮೂರು ಕಟ್ಟನ್ನು ಒಂದರೊಳಗೊಂದು ಸೇರಿಸಿ, ಹೊರಗೆ ರಟ್ಟು ಹಾಕಿ. ಹತ್ತಾರು ಪುಸ್ತಕ ಒಟ್ಟಿ ಮೇಲೆ ರುಬ್ಬುಗುಂಡೋ ದಪ್ಪ ಪುಸ್ತಕವೋ ಇಟ್ಟು ರಾತ್ರಿ ಬಿಡಿ. ಬೆಳಗ್ಗೆ ಚಪ್ಪಟೆಯಾಗಿರುತ್ತದೆ.

ಮಡಿಕೆಯ ಉದ್ದ 21 ಸೆಂಟಿಮೀಟರ್. ನಟ್ಟ ನಡುವೆ ಒಂದು ತೂತು, ಅದರಿಂದ ಮೇಲೆ ಕೆಳಗೆ ಆರಾರು ಸೆಂಟಿಮೀಟರ್ ಬಿಟ್ಟು ಒಂದೊಂದು. ಪ್ರತಿ ಸಲ ಅಳೆಯಬೇಡಿ. ಒಂದು ರಟ್ಟಿನ ಪಟ್ಟಿಗೆ ಮೂರು ಗುರುತು ಹಾಕಿಕೊಂಡು ಅದನ್ನೇ ಒಳಗಿಟ್ಟು ಚುಚ್ಚಿ. ಕೆಳಗೆ ದಪ್ಪ ಪೇಪರ್ ಕಟ್ಟು ಇರಲಿ, ದಬ್ಬಳದಿಂದ ಒಳಗಿನಿಂದ ಹೊರಕ್ಕೆ ಚುಚ್ಚಿ. ಈ ಕೆಲಸ ಮಗುವಿನ ಕೈಗೆ ಕೊಡಬೇಡಿ.

ದಾರ ಮಿಷನ್ ಹೊಲಿಗೆಯದ್ದು ಸಾಲದು, ಕಾಗದವನ್ನು ಸೀಳುತ್ತದೆ. ಕೌದಿ ಹೊಲಿಯುವ ದಪ್ಪ ಹತ್ತಿ ದಾರ ತನ್ನಿ. ಅರ್ಧ ಮೀಟರ್‌ಗಿಂತ ಸ್ವಲ್ಪ ಹೆಚ್ಚು ಕತ್ತರಿಸಿ, ಮೇಣದಬತ್ತಿಯ ಮೇಲೆ ಒಮ್ಮೆ ಎಳೆದರೆ ಎಳೆ ಬಿಡುವುದಿಲ್ಲ. ಸೂಜಿ ಪುಸ್ತಕದ ಒಳಗಿನಿಂದ ನಡುವಿನ ತೂತಿನಲ್ಲಿ ಹೊರಗೆ ಹೋಗಲಿ, ಒಳಗೆ ಬೆರಳುದ್ದ ಬಾಲ ಬಿಟ್ಟಿರಿ. ಮೇಲಿನ ತೂತಿನಿಂದ ಒಳಗೆ ಬನ್ನಿ. ನಡುವಿನದ್ದನ್ನು ದಾಟಿ ನೇರವಾಗಿ ಕೆಳಗಿನ ತೂತಿಗೆ ಬಂದು ಹೊರಗೆ ಹೋಗಿ. ಕೊನೆಗೆ ನಡುವಿನ ತೂತಿನಿಂದಲೇ ಮತ್ತೆ ಒಳಗೆ. ಈಗ ಒಳಗೆ ಒಂದು ಉದ್ದ ದಾರ ಓಡಿರುತ್ತದೆ. ಎರಡು ಬಾಲಗಳೂ ಅದರ ಆ ಕಡೆ ಒಂದು, ಈ ಕಡೆ ಒಂದು ಇರಬೇಕು. ಎರಡನ್ನೂ ಸೇರಿಸಿ ಆ ಉದ್ದ ದಾರದ ಮೇಲೆ ಎರಡು ಗಂಟು ಹಾಕಿ, ಬೆರಳಗಲ ಬಿಟ್ಟು ಕತ್ತರಿಸಿ.

ತಪ್ಪು ಆಗುವುದು ಎರಡೇ ಕಡೆ. ನಡುವಿನ ತೂತಿಗೆ ಎರಡನೇ ಸಲ ಬರುವಾಗ ಸೂಜಿ ಮೊದಲಿನ ದಾರವನ್ನೇ ಚುಚ್ಚಿಬಿಡುತ್ತದೆ. ಆಗ ಎಷ್ಟೆಳೆದರೂ ಬಿಗಿಯಾಗುವುದಿಲ್ಲ, ಹಾಗಾದರೆ ಬಿಚ್ಚಿ ಮತ್ತೆ ಹಾಕಿ. ಇನ್ನೊಂದು, ದಾರವನ್ನು ನಿಮ್ಮ ಕಡೆಗೆ ಮೇಲಕ್ಕೆ ಎಳೆದರೆ ತೂತು ಹರಿದು ಉದ್ದವಾಗುತ್ತದೆ. ಮಡಿಕೆಯ ಉದ್ದಕ್ಕೇ ಎಳೆಯಬೇಕು. ಕೈ ಕೂಡಿದ ಮೇಲೆ ಒಂದು ಪುಸ್ತಕಕ್ಕೆ ಐದಾರು ನಿಮಿಷ, ಒಟ್ಟು ನಾಲ್ಕು ಗಂಟೆಯ ಕೆಲಸ. ಹುಟ್ಟುಹಬ್ಬದ ಹಿಂದಿನ ರಾತ್ರಿಗೆ ಇಟ್ಟುಕೊಳ್ಳಬೇಡಿ. ಅತ್ತೆಗೆ ಕಣ್ಣು ಚೆನ್ನಾಗಿದ್ದರೆ ಸೂಜಿ ಕೊಡಿ. ಆಡಿಕೊಳ್ಳುತ್ತಾರೆ ಅನ್ನುವ ಅಂಜಿಕೆ ಅವರಿಗಿರುವುದು ವಸ್ತು ಕಣ್ಣಿಗೆ ಬಿದ್ದಿಲ್ಲದ್ದರಿಂದ. ಹೊಲಿದು ಮುಗಿದ ಒಂದು ಪುಸ್ತಕ ಕೈಯಲ್ಲಿ ಹಿಡಿದ ಮೇಲೆ ಅವರೊಡನೆ ಮತ್ತೆ ಮಾತಾಡಿ.

12 ಹಾಳೆ ಒಂದರೊಳಗೊಂದು ಕೂತಾಗ ಒಳಗಿನ ಹಾಳೆಗಳು ಹೊರಕ್ಕೆ ಇಣುಕುತ್ತವೆ. ಹೊಲಿದಾದ ಮೇಲೆ ಬೈಂಡಿಂಗ್ ಅಂಗಡಿಗೆ ಒಯ್ದು ತೆರೆದ ಅಂಚನ್ನು ಮಾತ್ರ ಎರಡು–ಮೂರು ಮಿಲಿಮೀಟರ್ ಕಟಿಂಗ್ ಮಷಿನ್ನಿನಲ್ಲಿ ತೆಗೆಸಿ. ಮನೆಯಲ್ಲಿ ಮಾಡಿದ್ದೋ ಅಂಗಡಿಯದ್ದೋ ಅಂತ ಗೊತ್ತಾಗದ ಹಾಗೆ ಮಾಡುವುದು ಈ ಒಂದು ಕತ್ತರಿಕೆ. ಹಣ ಉಳಿಸಲು ಇದನ್ನು ಬಿಡಬೇಡಿ. ಮಗಳ ಚಿತ್ರ ಅಂಚಿಗೆ ತಾಗಿದ್ದರೆ ಹಾರಿಹೋಗುತ್ತದೆ, ಅಂಚಿನಿಂದ ಬೆರಳಗಲ ಬಿಟ್ಟು ಬರೆಯಲು ಮೊದಲೇ ಹೇಳಿ.

ಹಂಚುವ ಬಗ್ಗೆ ಒಂದು ಮಾತು, ನಿಮ್ಮ ಭಯಕ್ಕೆ ಉತ್ತರ ಇರುವುದು ಇಲ್ಲೇ. ಪುಸ್ತಕದ ಮೇಲೆ "ಪ್ಲಾಸ್ಟಿಕ್ ಬೇಡ", "ಪರಿಸರ ಉಳಿಸಿ" ಅಂತ ಏನೂ ಬರೆಯಬೇಡಿ, ಪೋಷಕರ ವಾಟ್ಸಾಪ್ ಗುಂಪಿನಲ್ಲೂ ವಿವರಿಸಬೇಡಿ. ಹೋದ ವಾರ ಪೌಚು ಕೊಟ್ಟ ಮನೆಯವರಿಗೆ ಅದು ಚುಚ್ಚುತ್ತದೆ, ಅದರ ಬಿಸಿ ತಾಗುವುದು ನಿಮ್ಮ ಮಗಳಿಗೆ. ಅವಳ ಬಾಯಲ್ಲಿ ಒಂದೇ ಮಾತು ಸಾಕು: "ಇದು ನಾನು ಬರೆದದ್ದು." ಕ್ಲಾಸ್ ಟೀಚರಿಗೆ ವಾರ ಮೊದಲೇ ಹೇಳಿ, ಕೊನೆಯ ಪೀರಿಯಡ್‌ನಲ್ಲಿ ಕೊಡಲು ಕೇಳಿಕೊಳ್ಳಿ. ಯಾವುದು ಯಾರಿಗೆ ಅಂತ ಮಕ್ಕಳು ಜಗಳ ಆಡಬಾರದೆಂದರೆ ಹಿಂದಿನ ರಟ್ಟಿನ ಮೇಲೆ ಹೆಸರು ಬರೆದಿಡಿ. ಹಾಜರಿ ಪಟ್ಟಿಯ ಹೆಸರು ಟೀಚರ್ ಹತ್ತಿರ ಸಿಗುತ್ತದೆ. ಸುತ್ತಲು ಬಣ್ಣದ ಕಾಗದ, ಕವರ್ ಏನೂ ಬೇಕಿಲ್ಲ.

ಅಂಗಡಿಯವರು "ಇಕೋ ಫ್ರೆಂಡ್ಲಿ" ಅಂತ ತೋರಿಸುವುದರಲ್ಲಿ ಹುಷಾರಾಗಿರಿ. ಬಟ್ಟೆ ಚೀಲ ಅಂತ ಕೊಡುವ ನಾನ್‌ವೋವನ್ ಚೀಲ ಬಟ್ಟೆಯಲ್ಲ, ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕೇ. ಅಂಚಿನಿಂದ ಒಂದು ಚೂರು ಕಿತ್ತು ಕಡ್ಡಿ ಗೀರಿ ಹಿಡಿಯಿರಿ. ಹತ್ತಿಯಾದರೆ ಉರಿದು ಬೂದಿಯಾಗುತ್ತದೆ, ಇದು ಕರಗಿ ಮಣಿಯಂತೆ ಗಟ್ಟಿಯಾಗುತ್ತದೆ. ಬೀಜದ ಪೆನ್ಸಿಲ್ ನನಗೆ ಒಪ್ಪಿಗೆಯಿಲ್ಲ. ಅಂಗಡಿಯಲ್ಲಿ ಎಷ್ಟು ಕಾಲ ಕೂತಿತ್ತೋ ತಿಳಿಯದ ಬೀಜ ಮೊಳೆಯದಿದ್ದಾಗ ಮಗುವಿಗೆ ಆಗುವ ನಿರಾಸೆ ದೊಡ್ಡದು.

ನಾಲ್ಕು ಗಂಟೆ ಸಿಗುವುದೇ ಇಲ್ಲ ಅಂದರೆ ಊಟದ ಡಬ್ಬಿಗೆ ಹಾಸುವ ಹತ್ತಿ ನ್ಯಾಪ್‌ಕಿನ್ ಕೊಡಿ. 36 ಇಂಚು ಪನ್ನದ ಬಟ್ಟೆಯಲ್ಲಿ ಮೀಟರಿಗೆ 12 ಇಂಚಿನ ಚೌಕ ಒಂಬತ್ತು ಬರುತ್ತವೆ, ನಾಲ್ಕೂವರೆ ಮೀಟರ್‌ನಲ್ಲಿ 40 ಮುಗಿಯುತ್ತದೆ. ಕೊಳ್ಳುವಾಗ ಒಂದು ಹನಿ ನೀರು ಹಾಕಿ ನೋಡಿ. ತಕ್ಷಣ ಹೀರಿದರೆ ಹತ್ತಿ, ಮೇಲೆಯೇ ನಿಂತರೆ ಪಾಲಿಯೆಸ್ಟರ್ ಬೆರೆತಿರಬಹುದು, ಇಲ್ಲವೇ ಗಂಜಿ ಹೆಚ್ಚಿರಬಹುದು. ಕತ್ತರಿಸುವ ಮೊದಲು ರಾತ್ರಿ ನೆನೆಸಿ ಒಣಗಿಸಿ, ಇಲ್ಲವಾದರೆ ಮೊದಲ ಒಗೆತಕ್ಕೇ ಸೊಟ್ಟಗಾಗುತ್ತದೆ. ಅಂಚು ಮಡಚಿ ಹೊಲಿಸಲು ದರ್ಜಿ ಹತ್ತಿರ ಮೊದಲೇ ರೇಟು ಮಾತಾಡಿಕೊಳ್ಳಿ. ಬಟ್ಟೆ, ಹೊಲಿಗೆ ಸೇರಿದರೆ ನಿಮ್ಮ ಆರುನೂರು ದಾಟಬಹುದು. ಹಾಗಾದರೆ ಮನೆಯಲ್ಲಿರುವ ಹಳೆಯ ಹತ್ತಿ ಸೀರೆಯ ಗಟ್ಟಿ ಭಾಗವನ್ನು ಒಗೆದು ಬಳಸಿ, ಆಗ ಹೊಲಿಗೆಯ ಕೂಲಿ ಮಾತ್ರ ಬರುತ್ತದೆ.